ಫೈಕಸ್ ಬೋನ್ಸಾಯ್ ಎಲೆ ಉದುರಿಸ್ತಿದ್ರೆ ನಾನು ಫೋಟೋದಲ್ಲಿ ನೋಡೋದು ಏನು

ಮೈಸೂರಲ್ಲಿ ನಮ್ಮ ಟೆರೇಸ್ ಮೇಲೆ ಬೋನ್ಸಾಯ್ ಬೆಳೆಸ್ತೀನಿ ಅಂತ ಗೊತ್ತಿರೋರೆಲ್ಲ ವಾಟ್ಸಾಪಲ್ಲಿ ಗಿಡದ ಫೋಟೋ ಹಾಕಿ ಏನಾಗಿದೆ ನೋಡಿ ಅಂತ ಕೇಳ್ತಾರೆ. ಅದ್ರಲ್ಲಿ ಹೆಚ್ಚಿನವು ಫೈಕಸ್ಸೇ, ಬುಡ ಗೆಣಸಿನ ಥರ ಊದ್ಕೊಂಡಿರುತ್ತಲ್ಲ ಆ ಮೈಕ್ರೋಕಾರ್ಪಾ, ಕಂಪ್ಲೇಂಟೂ ಬಹುತೇಕ ಒಂದೇ, ಚೆನ್ನಾಗೇ ಇತ್ತು ಇದ್ದಕ್ಕಿದ್ದಂಗೆ ಎಲೆ ಉದುರ್ತಿದೆ ಅಂತ.

ಮಂಡ್ಯದಿಂದ ನಮ್ಮ ಅತ್ತಿಗೆ ಕಳಿಸಿದ್ದ ಫೋಟೋನೇ ತಗೊಳ್ಳಿ. ಹಾಲಲ್ಲಿ ಟಿವಿ ಪಕ್ಕದ ಶೋಕೇಸ್ ಮೇಲೆ ಗಿಡ, ಅರ್ಧ ಬೋಳು, ಕೆಳಗೆಲ್ಲ ಎಲೆ. ಜೊತೆಗೆ ಒಂದು ವಾಯ್ಸ್ ಮೆಸೇಜು, "ನೀರು ಸಾಲ್ದೇನೋ ಅಂತ ಬೆಳಗ್ಗೆ ಸಾಯಂಕಾಲ ಎರಡೊತ್ತೂ ಹುಯ್ತಾ ಇವ್ನಿ ಕಣಪ್ಪ, ಆದ್ರೂ ಉದುರ್ತಾನೇ ಅದೆ."

ನಾನು ಮರಕ್ಕಿಂತ ಮುಂಚೆ ಬಿದ್ದಿರೋ ಎಲೆನ ಝೂಮ್ ಮಾಡಿ ನೋಡ್ತೀನಿ. ನೀರಿಲ್ದೆ ಒಣಗಿದ್ರೆ ಎಲೆ ಸುರುಟ್ಕೊಂಡು ಗರಿಗರಿ ಆಗಿರುತ್ತೆ, ಎಷ್ಟೋ ಎಲೆ ಕೊಂಬೆಯಲ್ಲೇ ನೇತಾಡ್ತಿರ್ತವೆ. ಬೇರು ಕೊಳೀತಿದ್ರೆ ಎಲೆ ಪೂರ್ತಿ ಹಳದಿಯಾಗಿ ಜೋತು ಬಿದ್ದಿರುತ್ತೆ, ಚಿಗುರಿನ ತುದಿ ಕಪ್ಪಗಾಗುತ್ತೆ. ಅತ್ತಿಗೆ ಫೋಟೋದಲ್ಲಿ ಈ ಎರಡೂ ಇರ್ಲಿಲ್ಲ. ಬಿದ್ದಿದ್ದ ಎಲೆ ಮುಕ್ಕಾಲು ಹಸಿರಾಗೇ ಇತ್ತು, ಕೆಲವು ತಿಳಿ ಹಳದಿ, ಚುಕ್ಕೆ ಇಲ್ಲ, ಮಡಚಿಲ್ಲ, ತೊಟ್ಟಿನ ಸಮೇತ ನೀಟಾಗಿ ಕಳಚ್ಕೊಂಡಿತ್ತು. ಅಂದ್ರೆ ಎಲೆ ಸತ್ತು ಬಿದ್ದಿದ್ದಲ್ಲ, ಗಿಡನೇ ಬೇಡ ಅಂತ ಬಿಟ್ಟಿದ್ದು.

ಆಮೇಲೆ ಬೋಳಾಗಿರೋದು ಎಲ್ಲಿ ಅಂತ ನೋಡಿದೆ. ಒಳಗಡೆ, ಕೆಳಗಡೆ ಖಾಲಿ, ಕೊಂಬೆ ತುದೀಲಿ ಮಾತ್ರ ಎಲೆ ಉಳಿದಿದೆ, ತುದಿಯ ಮೊನಚು ಮೊಗ್ಗೂ ಹಸಿರಾಗಿದೆ. ಇದು ಬೆಳಕು ಕಮ್ಮಿ ಆದಾಗ ಆಗೋದು, ನೆರಳಲ್ಲಿರೋ ಒಳಗಿನ ಎಲೆ ಸಾಕೋದು ಗಿಡಕ್ಕೆ ದಂಡ. ಕೇಳಿದ್ರೆ ಅಂದಾಜು ಸರಿನೇ, ನರ್ಸರೀಲಿ ಶೇಡ್ ನೆಟ್ ಕೆಳಗಿದ್ದ ಗಿಡನ ತಂದು ನೇರ ಶೋಕೇಸ್ ಮೇಲೆ ಕೂರ್ಸಿದ್ರು. ಶೇಡ್ ನೆಟ್ ಕೆಳಗೆ ನಮ್ಮ ಕಣ್ಣಿಗೆ ನೆರಳು ಅನ್ಸಿದ್ರೂ ಹಾಲಿನ ಮೂಲೆಗಿಂತ ಎಷ್ಟೋ ಪಟ್ಟು ಬೆಳಕಿರುತ್ತೆ.

ಅತ್ತಿಗೆ ಒಪ್ಪಲಿಲ್ಲ, ಫೋಟೋದಲ್ಲೇ ನೋಡಪ್ಪ ಎಷ್ಟು ಬೆಳಕೈತೆ ಅಂದ್ರು. ಇಲ್ಲೇ ಎಲ್ಲರೂ ಮೋಸ ಹೋಗೋದು, ಮೊಬೈಲ್ ಕ್ಯಾಮೆರಾ ಕತ್ತಲೆ ರೂಮನ್ನೂ ಎತ್ತಿ ಬೆಳ್ಳಗೆ ತೋರಿಸುತ್ತೆ. ಅದಕ್ಕೆ ನಾನು ಬ್ರೈಟ್ನೆಸ್ ನಂಬಲ್ಲ, ನೆರಳು ನೋಡ್ತೀನಿ. ಮಧ್ಯಾಹ್ನ ಲೈಟೆಲ್ಲ ಆಫ್ ಮಾಡಿ, ಗಿಡ ಇರೋ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಅದರ ಒಂದಡಿ ಮೇಲೆ ಕೈ ಹಿಡಿದು ಇನ್ನೊಂದು ಫೋಟೋ ಕಳಿಸಿ ಅಂದೆ. ಬೆರಳು ಎಣಿಸೋ ಹಂಗೆ ನೆರಳು ಬಿದ್ರೆ ಬೆಳಕು ಪರವಾಗಿಲ್ಲ ಅಂತ. ಇಲ್ಲಿ ಹಾಳೆ ಮೇಲೆ ಮಬ್ಬು ಕಲೆನೂ ಇರ್ಲಿಲ್ಲ.

ಫೋಟೋ ಹೇಳದೇ ಇರೋದೂ ಇದೆ, ಅದನ್ನ ಕೇಳ್ಲೇಬೇಕು. ಎಲೆ ಅಂಟಂಟು ಇದೆಯಾ (ಇದ್ರೆ ಸ್ಕೇಲ್ ಹುಳ ಅಥವಾ ಹಿಟ್ಟು ತಿಗಣೆ), ಮಣ್ಣು ಕೊಳೆತ ವಾಸನೆ ಬರುತ್ತಾ, ಕೊಂಬೆ ಸಿಪ್ಪೆನ ಉಗುರಲ್ಲಿ ಕೆರೆದ್ರೆ ಒಳಗೆ ಹಸಿರಿದೆಯಾ, ಹಾಲು ಜಿನುಗುತ್ತಾ. ಇದೂ ಆಲ ಅತ್ತಿ ಕುಲದ್ದೇ ತಾನೆ, ಹಾಲು ಬಂದ್ರೆ ಆ ಕೊಂಬೆಗೆ ಜೀವ ಇದೆ. ಅಂಟಿಲ್ಲ ವಾಸನೆ ಇಲ್ಲ ಹಾಲು ಬಂತು ಅಂದ್ರು, ಸಮಾಧಾನ ಆಯ್ತು.

ನನಗೆ ಭಯ ಇದ್ದಿದ್ದು ಆ ಎರಡೊತ್ತಿನ ನೀರಿಂದ. ಎಲೆ ಅರ್ಧ ಹೋದ ಮೇಲೆ ಗಿಡ ಕುಡಿಯೋದೂ ಕಮ್ಮಿ ಆಗುತ್ತೆ, ಮಣ್ಣು ಒದ್ದೆಯಾಗೇ ಕೂತ್ರೆ ಆಗ ನಿಜವಾಗ್ಲೂ ಬೇರು ಕೊಳೆಯುತ್ತೆ, ಅಲ್ಲಿವರೆಗೂ ಬರೀ ಬೆಳಕಿನ ಸಮಸ್ಯೆ ಆಗಿದ್ದಿದ್ದು ಗಿಡ ಸಾಯೋ ಮಟ್ಟಕ್ಕೆ ಹೋಗುತ್ತೆ. ಊದುಬತ್ತಿ ಉರಿದು ಉಳಿಯೋ ಕಡ್ಡಿನ ಒಂದೆರಡು ಇಂಚು ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೀರಿ, ತಣ್ಣಗೆ ಒದ್ದೆ ಇದ್ರೆ ನೀರು ಬೇಡ, ಹೆಚ್ಚೂಕಮ್ಮಿ ಒಣಗಿದ್ರೆ ಕೆಳಗಿನ ತೂತಿಂದ ಸುರಿಯೋವರೆಗೂ ಹಾಕಿ ಅಂದೆ. ಗಿಡನ ಪೂರ್ವದ ಕಿಟಕಿ ಪಕ್ಕ ಇಡಿಸಿದೆ, ಸೀದಾ ಟೆರೇಸ್ ಬಿಸಿಲಿಗೆ ಬೇಡ, ಮನೆಯೊಳಗಿದ್ದ ಎಲೆ ಸುಟ್ಟು ಹೋಗುತ್ತೆ. ಗೊಬ್ಬರ, ರೀಪಾಟಿಂಗು ಎರಡಕ್ಕೂ ಬೇಡ ಅಂದೆ, ದಿನಾ ಜಾಗ ಬದಲಾಯಿಸೋದೂ ಬೇಡ.

ಜಾಗ ಬದಲಾದ್ಮೇಲೂ ಒಂದು ವಾರ ಉದುರ್ತಾನೇ ಇತ್ತು, ಅದು ಹಾಗೇನೆ, ಗಾಬರಿಯಾಗಿ ಮತ್ತೆ ನೀರು ಹುಯ್ಬಾರ್ದು. ತಿಂಗಳು ಕಳೆಯೋ ಹೊತ್ತಿಗೆ ಬೋಳು ಕೊಂಬೆ ಗೆಣ್ಣಲ್ಲಿ ಹಸಿರು ಮೊಗ್ಗು ಬಂತು. ಒಳಗಿನ ಒಂದೆರಡು ಸಣ್ಣ ಕಡ್ಡಿ ಕೆರೆದ್ರೂ ಹಾಲು ಬರ್ಲಿಲ್ಲ, ಒಣಗಿದ್ವು, ಕತ್ತರಿಸಿಸಿದೆ. ಶೋಕೇಸ್ ಮೇಲೆ ಇಡ್ಲೇಬೇಕು ಅಂತ ಅತ್ತಿಗೆಗೆ ಇನ್ನೂ ಆಸೆ, ಹಬ್ಬಕ್ಕೆ ನೆಂಟರು ಬಂದಾಗ ಒಂದು ಸಂಜೆ ಇಟ್ರೆ ಏನೂ ಆಗಲ್ಲ, ಮಾರನೇ ದಿನ ಕಿಟಕಿಗೆ ವಾಪಸ್ ಹೋಗ್ಬೇಕು ಅಂತ ಹೇಳಿದೀನಿ.