ಕಿಟಕಿ ಜಾಲರಿ: ಅಡುಗೆಮನೆಗೆ ಸ್ಟೀಲ್, ಮಲಗುವ ಕೋಣೆಗೆ ಫೈಬರ್

ಸಕಲೇಶಪುರದ ನಮ್ಮ ಮನೆಗೆ ಸೊಳ್ಳೆ ಜಾಲರಿ ಹಾಕುವಾಗ ಎಲ್ಲ ಕಿಟಕಿಗೂ ಒಂದೇ ಥರದ್ದು ಹಾಕಲಿಲ್ಲ. ಅಡುಗೆಮನೆಗೆ ಸ್ಟೀಲ್ ಹಾಕಿದೆ, ಮಲಗುವ ಕೋಣೆಗಳಿಗೆ ಫೈಬರ್‌ಗ್ಲಾಸ್. ಮೊದಲಿದ್ದ ನೈಲಾನನ್ನು ಪೂರ್ತಿ ತೆಗೆದೆ.

ನೈಲಾನ್ ಅಗ್ಗ. ವೆಲ್ಕ್ರೋ ಅಂಟಿಸಿ ನಾವೇ ಹಾಕಿಕೊಳ್ಳಬಹುದು. ಬಾಡಿಗೆ ಮನೆಗೆ ಅದೇ ಸರಿ ಅಂತ ಈಗಲೂ ಹೇಳುತ್ತೇನೆ. ಆದರೆ ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಲ್ಲಿ ಅದರ ದಾರ ಒಂದೆರಡು ಬೇಸಿಗೆಗೆ ಒಣಗಿ ಗಡುಸಾಗಿತ್ತು. ಬೆರಳಲ್ಲಿ ಸ್ವಲ್ಪ ಒತ್ತಿದರೆ ಪಟಪಟ ಹರಿಯುತ್ತಿತ್ತು. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ವೆಲ್ಕ್ರೋದ ಅಂಟು ಮೂಲೆಯಿಂದ ಬಿಡುತ್ತದೆ. ಆ ಸಂದಿ ಸಾಕು, ಜಾಲರಿ ಇದ್ದೂ ಇಲ್ಲದ ಹಾಗೆ.

ಹಾಸನದ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಬೆಲೆಯಲ್ಲ, ಇಂಚಿಗೆ ಎಷ್ಟು ಕಣ್ಣು ಅಂತ. ಮಾತು ಕೇಳಿ ಬಿಡಲೂ ಇಲ್ಲ. ಜಾಲರಿ ತುಂಡನ್ನು ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಎಣಿಸಿದೆ. ಒಂದು ಕಡೆ 18, ಇನ್ನೊಂದು ಕಡೆ 16 ಇದ್ದರೆ ಸೊಳ್ಳೆ ನುಗ್ಗುವುದಿಲ್ಲ. ಸಣ್ಣ ನುಸಿ ಮಾತ್ರ ನುಗ್ಗುತ್ತದೆ. ಅದನ್ನೂ ತಡೆಯಬೇಕೆಂದರೆ ಇನ್ನೂ ಸಣ್ಣ ಕಣ್ಣಿನದು ಬೇಕು, ಆಗ ಗಾಳಿ ಕಡಿಮೆಯಾಗುತ್ತದೆ.

ಗಾಳಿಯ ವಿಷಯದಲ್ಲಿ ಜಾಲರಿ ಯಾವುದರದ್ದು ಅನ್ನುವುದಕ್ಕಿಂತ ಎಳೆ ಎಷ್ಟು ದಪ್ಪ ಅನ್ನುವುದು ಮುಖ್ಯ. ಇಂಚಿಗೆ 18 ಕಣ್ಣು ಅಂದರೆ ಒಂದು ಕಣ್ಣಿಗೆ ಎಳೆಯೂ ಸೇರಿ ಸುಮಾರು 1.4 ಮಿಲಿಮೀಟರ್ ಜಾಗ. ಫೈಬರ್ ಎಳೆಗೆ ಪಿವಿಸಿ ಲೇಪ ಇರುತ್ತದೆ, ದಪ್ಪ 0.28ರಷ್ಟು. ಎರಡೂ ಕಡೆ 18 ಕಣ್ಣೇ ಅಂತ ಇಟ್ಟುಕೊಂಡರೆ ಜಾಲರಿಯ ನೂರರಲ್ಲಿ 64 ಭಾಗ ಮಾತ್ರ ತೆರೆದಿರುತ್ತದೆ. ಸ್ಟೀಲ್ ತಂತಿ 0.2 ಮಿಲಿಮೀಟರ್ ಇದ್ದರೆ ಅದೇ ಲೆಕ್ಕದಲ್ಲಿ 74 ಭಾಗ ತೆರೆದಿರುತ್ತದೆ. ಹೊಗೆ, ಆವಿ ಹೊರಗೆ ಹೋಗಬೇಕಾದ ಅಡುಗೆಮನೆಯಲ್ಲಿ ಈ ವ್ಯತ್ಯಾಸ ದೊಡ್ಡದು. ಜೊತೆಗೆ ಒಗ್ಗರಣೆಯ ಜಿಡ್ಡು ಫೈಬರ್‌ಗೆ ಹಿಡಿದರೆ ಅದರ ಮೇಲೆ ಧೂಳು ಕೂತು ಕಣ್ಣೇ ಮುಚ್ಚಿಹೋಗುತ್ತದೆ. ಸ್ಟೀಲನ್ನು ಸೋಪು ನೀರು ಹಾಕಿ ಗಟ್ಟಿಯಾಗಿ ಉಜ್ಜಬಹುದು. ಇಲಿಯೂ ಕಡಿಯಲಾರದು. ಅಡುಗೆಮನೆಗೆ ಇನ್ನೇನು ಬೇಕು?

ಸ್ಟೀಲ್ ಅಂತ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿಯನ್ನೂ ಮಾರುತ್ತಾರೆ. ನೋಡೋಕೆ ಒಂದೇ ಥರ. ನಮ್ಮ ಮಳೆಗೆ ಅದು ತುಕ್ಕು ಹಿಡಿಯುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿದರೆ ಸಾಲದು, ಯಾಕಂದರೆ ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲನ್ನೂ ತೆಳು ತಂತಿಯಾಗಿ ಎಳೆದಾಗ ಅದು ಸ್ವಲ್ಪ ಅಂಟುತ್ತದೆ. ನಾನು ಒಂದೊಂದು ತುಂಡು ತಂದು ಉಪ್ಪು ನೀರಿನ ಲೋಟದಲ್ಲಿ ಕೆಲವು ದಿನ ಅರ್ಧ ಮುಳುಗಿಸಿ ಇಟ್ಟೆ. ಒಂದರ ಮೇಲೆ ಬಿಳಿ ಪುಡಿ ಬಂತು, ಅದು ಜಿಐ. ಇನ್ನೊಂದು ಹಾಗೇ ಇತ್ತು, ಅದನ್ನೇ ತಂದೆ.

ನಮ್ಮ ಕಿಟಕಿ ಬಾಗಿಲು ಹೊರಗೆ ತೆರೆಯುತ್ತದೆ, ಮಧ್ಯೆ ಸರಳು. ಒಳಗಡೆ ಜಾಲರಿಯನ್ನು ಮೊಳೆ ಹೊಡೆದು ಕೂರಿಸಿಬಿಟ್ಟರೆ ಚಿಲಕಕ್ಕೆ ಕೈ ಹೋಗುವುದಿಲ್ಲ. ಮಳೆ ಬಂದಾಗ ಬಾಗಿಲು ಮುಚ್ಚೋದು ಹೇಗೆ? ಅದಕ್ಕೆ ಕೀಲಿರುವ ಬೇರೆ ಚೌಕಟ್ಟು ಮಾಡಿಸಿದೆ. ಬಡಗಿ ಹೇಳಿದ, "ಅಣ್ಣಾ, ತಂತಿಯ ಅಂಚು ಮಡಚಿ ಪಟ್ಟಿ ಹೊಡೆಯೋಣ, ಇಲ್ಲಾಂದ್ರೆ ಒರೆಸುವಾಗ ಕೈ ಕುಯ್ಯುತ್ತೆ." ಹಾಗೇ ಅರ್ಧ ಇಂಚು ಮಡಚಿ, ಮೇಲೆ ಮರದ ಪಟ್ಟಿ ಕೂರಿಸಿದ. ಕೋಣೆಗಳ ಫೈಬರನ್ನು ಅಲ್ಯೂಮಿನಿಯಂ ಚೌಕಟ್ಟಿನ ತೋಡಿನೊಳಗೆ ರಬ್ಬರ್ ಬೀಡಿಂಗ್ ಒತ್ತಿ ಕೂರಿಸಿದೆವು. ಇದನ್ನು ಜಾಸ್ತಿ ಎಳೆಯಬಾರದು, ಎಳೆದರೆ ಚೌಕಟ್ಟಿನ ಉದ್ದದ ಬದಿ ಒಳಕ್ಕೆ ಬಾಗಿ ಪಕ್ಕದಲ್ಲಿ ಸಂದಿ ಬೀಳುತ್ತದೆ.

ಕೆಲಸ ಮುಗಿದ ರಾತ್ರಿ ಒಳಗೆ ದೀಪ ಆರಿಸಿ, ಹೊರಗಿನಿಂದ ಒಬ್ಬರಿಗೆ ಟಾರ್ಚ್ ಹಿಡಿಯಲು ಹೇಳಿದೆ. ಚೌಕಟ್ಟಿನ ಅಂಚಲ್ಲಿ ಬೆಳಕಿನ ಗೆರೆ ಕಂಡ ಕಡೆಯೆಲ್ಲ ಬ್ರಷ್ ಪಟ್ಟಿ ಅಂಟಿಸಿದೆ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಾಗಾಗಿ ಜಾಲರಿ ಬಾಗಿಲನ್ನು ಸಂಜೆಗೆ ಅಂತ ಕಾಯದೆ ಬೆಳಗ್ಗಿನಿಂದಲೇ ಮುಚ್ಚಿಡುತ್ತೇವೆ. ಫೈಬರ್ ಇರುವ ಕಡೆ ತಿಂಗಳಿಗೊಮ್ಮೆ ಮೆತ್ತಗಿನ ಬ್ರಷ್ ಆಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.