ಹಿತ್ತಲ ಕಟ್ಟಡ, ಮೂರನೇ ಮಹಡಿ, ಗೋಡಂಬಿ ಬೇಡ: ಬರ್ಲಿನ್‌ನಲ್ಲಿ ಜರ್ಮನ್ ಆ್ಯಪ್‌ನಿಂದ ಊಟ ತರಿಸಿದ ನನ್ನ ಅನುಭವ

"ಅಲರ್ಜಿ ಇಟ್ಕೊಂಡು ಆ್ಯಪ್‌ನಲ್ಲಿ ಆರ್ಡರ್ ಮಾಡೋದು ಬೇಡ ಮಾರಾಯ, ಹೋಟೆಲಿಗೇ ಹೋಗಿ ಎದುರಿಗೆ ನಿಂತು ಹೇಳಿ ತಗೊಂಡು ಬಾ." ಬರ್ಲಿನ್‌ನ ನಮ್ಮ ಕನ್ನಡ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ನನ್ನ ಹೆಂಡತಿಗೆ ಗೋಡಂಬಿ, ಪಿಸ್ತಾ ಎರಡೂ ಆಗುವುದಿಲ್ಲ. ತಿಂದರೆ ತುಟಿ ಊದುತ್ತದೆ, ಮೈತುಂಬ ದದ್ದು ಏಳುತ್ತದೆ. ಆದರೂ ಒಂದು ವರ್ಷದ ಮೇಲಾಯಿತು, ಹೆಚ್ಚುಕಡಿಮೆ ಪ್ರತಿ ವಾರ ಆ್ಯಪ್‌ನಲ್ಲೇ ತರಿಸುತ್ತಿದ್ದೇವೆ. ಮೊದಲ ಕೆಲವು ತಿಂಗಳು ಬಿಟ್ಟರೆ ಊಟ ದಾರಿ ತಪ್ಪಿಲ್ಲ, ಅವಳಿಗೆ ಒಂದು ದದ್ದೂ ಎದ್ದಿಲ್ಲ. ಬೇಡ ಅಂದವರೇ ಈಗ ನನ್ನ ಟಿಪ್ಪಣಿ ಕಾಪಿ ಮಾಡಿಕೊಳ್ಳುತ್ತಿದ್ದಾರೆ.

ಮೊದಲು ವಿಳಾಸ. ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ. ಬೀದಿ, ಮನೆ ನಂಬರ್, ಐದಂಕಿಯ ಪೋಸ್ಟ್ ಕೋಡ್ ತುಂಬಿದರೆ ಆ್ಯಪ್ ಖುಷಿಯಾಗಿ ಮುಂದಕ್ಕೆ ಬಿಡುತ್ತದೆ. ಆದರೆ ಇಲ್ಲಿನ ಹಳೇ ಕಟ್ಟಡಗಳಲ್ಲಿ ಫ್ಲ್ಯಾಟಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಬಾಗಿಲ ಪಕ್ಕದ ಬೆಲ್ ಫಲಕದಲ್ಲಿ ಇರುವುದು ಅಡ್ಡಹೆಸರು ಮಾತ್ರ. ನಾವು ಒಳಬಾಡಿಗೆಯವರು, ಬೆಲ್ ಮೇಲೆ ಇದ್ದದ್ದು ಮೂಲ ಬಾಡಿಗೆದಾರರ ಹೆಸರು. ನನ್ನ ಆ್ಯಪ್ ಖಾತೆಯಲ್ಲಿ ನಮ್ಮೂರಿನ ರೂಢಿಯಂತೆ ಹೆಸರು, ಮುಂದೊಂದು ಇನಿಷಿಯಲ್. ಡೆಲಿವರಿ ಹುಡುಗ ಆ ಹೆಸರನ್ನು ಫಲಕದಲ್ಲಿ ಹುಡುಕುತ್ತಾನೆ. ಎಲ್ಲಿ ಸಿಗಬೇಕು? ಅವನು ಫೋನ್ ಮಾಡಿದರೆ, ಖಾತೆಯಲ್ಲಿ ಇದ್ದದ್ದು ಸ್ವಿಚಾಫ್ ಆದ ಭಾರತದ ನಂಬರ್. ಮೊದಲ ಕೆಲವು ತಿಂಗಳಲ್ಲಿ ಸುಮಾರು ನೂರು ಯೂರೋ ನೀರಲ್ಲಿ ಹೋಮ ಮಾಡಿದಂತಾಯಿತು. ಗ್ರಾಹಕರು ಸಿಗಲಿಲ್ಲ ಅಂತ ಅವರು ಬರೆದುಕೊಂಡರೆ ದುಡ್ಡು ವಾಪಸ್ ಬರುವುದು ಕಷ್ಟ.

ಅದರ ಮೇಲೆ ನಮ್ಮದು ಹಿತ್ತಲ ಕಟ್ಟಡ. ಬೀದಿಗೆ ಮುಖ ಮಾಡಿದ ಕಟ್ಟಡದ ಕೆಳಗೆ ಹಾದು, ಅಂಗಳ ದಾಟಿ, ಎದುರಿನ ಬಾಗಿಲಿಗೆ ಬರಬೇಕು. ಪಕ್ಕದ ತೋಳಿನಂಥ ಕಟ್ಟಡ ಬೇರೆ ಇದೆ, ಅದಕ್ಕೂ ಅದೇ ಮನೆ ನಂಬರ್. ಹೊಸಬರಿಗೆ ಇನ್ನೊಂದು ವಿಷಯ: ಬರ್ಲಿನ್‌ನ ಎಷ್ಟೋ ಹಳೇ ಬೀದಿಗಳಲ್ಲಿ ಮನೆ ನಂಬರ್ ಒಂದು ಬದಿಯಲ್ಲಿ ಏರುತ್ತಾ ಹೋಗಿ, ಕೊನೆಯಲ್ಲಿ ತಿರುಗಿ ಇನ್ನೊಂದು ಬದಿಯಲ್ಲಿ ವಾಪಸ್ ಬರುತ್ತದೆ. 12ರ ಎದುರಿಗೆ 13 ಇರಬಹುದು ಅಂದುಕೊಂಡರೆ ಅಲ್ಲಿ 90 ಇರುತ್ತದೆ. ಒಂದೇ ಹೆಸರಿನ ಬೀದಿಗಳೂ ಊರಲ್ಲಿ ಹಲವಿವೆ. 1920ರಲ್ಲಿ ಸುತ್ತಲ ಊರುಗಳನ್ನೆಲ್ಲ ಸೇರಿಸಿ ದೊಡ್ಡ ಬರ್ಲಿನ್ ಮಾಡಿದಾಗ ಉಳಿದುಕೊಂಡ ಹೆಸರುಗಳು ಅವು. ಅದಕ್ಕೇ ಬೀದಿ ಹೆಸರು ಟೈಪ್ ಮಾಡಿದ ತಕ್ಷಣ ಮೇಲೆ ಬರುವ ಸಲಹೆ ಒತ್ತಬೇಡಿ. ಪೋಸ್ಟ್ ಕೋಡ್ ನಿಮ್ಮದೇನಾ ನೋಡಿ, ಮ್ಯಾಪಿನ ಗುರುತನ್ನು ಬೀದಿ ಬಾಗಿಲ ಮೇಲೆ ತಂದು ನಿಲ್ಲಿಸಿ. ಅಂಗಳದೊಳಗೆ ನಿಲ್ಲಿಸಿದರೆ ಕೆಲವರು ಪಕ್ಕದ ಬೀದಿಯಿಂದ ಬಂದು ಗೋಡೆ ಮುಂದೆ ನಿಲ್ಲುತ್ತಾರೆ.

ಕೊನೆಗೆ ಕೆಲಸ ಮಾಡಿದ್ದು ಇಷ್ಟು. ಖಾತೆಯ ಹೆಸರನ್ನು ಬೆಲ್ ಮೇಲಿನ ಹೆಸರಿಗೇ ಬದಲಾಯಿಸಿದೆ. ಜರ್ಮನ್ ಮೊಬೈಲ್ ನಂಬರ್ ಹಾಕಿದೆ. ಡೆಲಿವರಿಯವರಿಗೆ ಮೀಸಲಾದ ಟಿಪ್ಪಣಿ ಜಾಗದಲ್ಲಿ ಹೀಗೆ ಬರೆದೆ:

```
Klingel: Müller
Durch den Hof, Hinterhaus, 3. OG links
```

ಬೆಲ್ ಯಾವ ಹೆಸರಲ್ಲಿದೆ, ಅಂಗಳ ದಾಟಿ ಹಿತ್ತಲ ಕಟ್ಟಡ, ಮೂರನೇ ಮಹಡಿ, ಎಡಗಡೆ. ಮಹಡಿ ಲೆಕ್ಕ ನಮ್ಮಂತೆಯೇ, ನೆಲಮಹಡಿ ಬೇರೆ. ಆಮೇಲೆ ಫಲಕದಲ್ಲಿ ನಮ್ಮ ಹೆಸರನ್ನೂ ಸೇರಿಸಿಕೊಂಡೆ. ಮನೆ ಮಾಲೀಕರ ಕಚೇರಿಯನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ಈಗ ಅಲರ್ಜಿ. ಎಷ್ಟೋ ಆ್ಯಪ್‌ಗಳಲ್ಲಿ ಟಿಪ್ಪಣಿ ಜಾಗ ಎರಡು ಇರುತ್ತವೆ. ಒಂದು ತರುವವನಿಗೆ, ಇನ್ನೊಂದು ಅಡುಗೆಮನೆಗೆ. ಅಲರ್ಜಿಯನ್ನು ಮೊದಲನೆಯದರಲ್ಲಿ ಬರೆದರೆ ಅದನ್ನು ಓದುವವನು ಸೈಕಲ್ ಮೇಲಿರುವವನು, ಬಾಣಸಿಗನಲ್ಲ. ಅಡುಗೆಮನೆಯದು ಸಾಮಾನ್ಯವಾಗಿ ಕಾರ್ಟ್‌ನಲ್ಲಿ ಅಥವಾ ಒಂದೊಂದು ತಿನಿಸಿನ ಕೆಳಗೆ ಇರುತ್ತದೆ. ನಾನು ಹಾಕುವುದು ಇದು:

```
ALLERGIE: Cashew, Pistazie. Auch nicht gemahlen in der Soße!
Wenn nicht möglich, bitte Bestellung ablehnen.
```

ಗೋಡಂಬಿ, ಪಿಸ್ತಾ ಅಲರ್ಜಿ ಇದೆ, ಗ್ರೇವಿಯಲ್ಲಿ ರುಬ್ಬಿ ಹಾಕಿದ್ದೂ ಬೇಡ, ಆಗದಿದ್ದರೆ ಆರ್ಡರೇ ಬೇಡ ಅನ್ನಿ. ಎರಡನೇ ಸಾಲು ಮುಖ್ಯ. ಅದಿಲ್ಲದಿದ್ದರೆ ಗಡಿಬಿಡಿಯಲ್ಲಿ ಮೇಲಿನ ಗೋಡಂಬಿ ಚೂರು ತೆಗೆದು ಕಳಿಸಿಬಿಡುತ್ತಾರೆ. ಸುಮ್ನೆ ನೋಡೋಣ ಅಂತ ಒಂದೇ ಹೋಟೆಲಿಗೆ ಕೆಲವು ಸಲ ಇಂಗ್ಲಿಷ್‌ನಲ್ಲಿ, ಕೆಲವು ಸಲ ಜರ್ಮನ್‌ನಲ್ಲಿ ಬರೆದು ನೋಡಿದೆ. ಬ್ಯಾಗಿಗೆ ಪಿನ್ ಹೊಡೆದ ಬಿಲ್ ಚೀಟಿಯಲ್ಲಿ ಎರಡೂ ಅಚ್ಚಾಗಿದ್ದವು. ಆದರೆ ಜರ್ಮನ್ ಇದ್ದ ಚೀಟಿಯಲ್ಲಿ ALLERGIE ಸುತ್ತ ಯಾರೋ ನೀಲಿ ಪೆನ್ನಿನಲ್ಲಿ ವೃತ್ತ ಎಳೆದಿದ್ದರು, ಡಬ್ಬಿ ಮುಚ್ಚಳದ ಮೇಲೂ ಅದೇ ನೀಲಿಯಲ್ಲಿ ಒಂದು ಗುರುತು. ಆ ಚೀಟಿ ನೋಡದೆ ಡಬ್ಬಿ ತೆರೆಯಬಾರದು ಅಂತ ಮನೆಯಲ್ಲಿ ನಿಯಮ ಮಾಡಿದ್ದೇವೆ. ಅಲರ್ಜಿ ಸಾಲು ಚೀಟಿಯಲ್ಲಿ ಇಲ್ಲದಿದ್ದರೆ ಅವಳು ಅದನ್ನು ಮುಟ್ಟುವುದಿಲ್ಲ.

ಟಿಪ್ಪಣಿ ಎಷ್ಟು ಚೆನ್ನಾಗಿದ್ದರೂ ಅಡುಗೆಮನೆಗೆ ಪಾಲಿಸಲು ಆಗುವಂಥ ತಿನಿಸು ಆರಿಸಬೇಕು. ಇಲ್ಲಿನ ಎಷ್ಟೋ ಇಂಡಿಯನ್ ಹೋಟೆಲುಗಳಲ್ಲಿ ಬೆಳಗ್ಗೆಯೇ ಒಂದು ದೊಡ್ಡ ಪಾತ್ರೆ ಗ್ರೇವಿ ಮಾಡಿಡುತ್ತಾರೆ, ಗೋಡಂಬಿ ರುಬ್ಬಿ ಹಾಕಿ. ಕೂರ್ಮ, ಶಾಹಿ ಪನೀರ್, ಬಟರ್ ಚಿಕನ್ ಎಲ್ಲಕ್ಕೂ ಅದೇ. ಅದರಿಂದ ಗೋಡಂಬಿ ತೆಗೆಯಲು ಯಾರಿಗೆ ಸಾಧ್ಯ? ಅದಕ್ಕೇ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ, ಗಿರಾಕಿ ಕಮ್ಮಿ ಇರುವಾಗ ಫೋನ್ ಮಾಡುತ್ತೇನೆ. ಎಷ್ಟೋ ಕಡೆ ಹಿಂದಿ ನಡೆಯುತ್ತದೆ. "ಭಯ್ಯಾ, ಗ್ರೇವಿ ಮೇ ಕಾಜೂ ಹೈ ಕ್ಯಾ?" ಒಂದು ಕಡೆ ಮೆನುವಿನಲ್ಲಿ ಏನೂ ಬರೆದಿರಲಿಲ್ಲ, ಫೋನಿನಲ್ಲಿ ಮಾತ್ರ "ಸಬ್ ಮೇ ಹೈ" ಅಂದರು. ದಾಲ್ ತಡ್ಕಾ, ಚನಾ ಮಸಾಲಾ ಬೇರೆ ಪಾತ್ರೆಯಲ್ಲಿ ಅಂದ ಕಡೆ ಮಾತ್ರ ಆರ್ಡರ್. ಸೌಟು ಬೇರೆಯಾ ಅಂತಲೂ ಕೇಳುತ್ತೇನೆ. ಹಾಗೆ ಸಿಕ್ಕ ಮೂರ್ನಾಲ್ಕು ಹೋಟೆಲುಗಳ ಹೆಸರು ನನ್ನ ಹತ್ತಿರವೇ ಇರಲಿ.

ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಹೋಟೆಲಿನವರು ಕೊಡಲೇಬೇಕು, ಆ್ಯಪ್ ಮೂಲಕ ಮಾರಿದರೂ ಅಷ್ಟೇ. ಗೋಡಂಬಿ, ಪಿಸ್ತಾ, ಬಾದಾಮಿ ಎಲ್ಲ Schalenfrüchte ಅನ್ನುವ ಒಂದೇ ಗುಂಪಿನಲ್ಲಿ ಬರುತ್ತವೆ. ಕಡಲೆಕಾಯಿಗೆ ಬೇರೆ ಗುಂಪು. ತಿನಿಸಿನ ಹೆಸರಿನ ಪಕ್ಕ ಸಣ್ಣ ಅಕ್ಷರಗಳು ಇರುತ್ತವಲ್ಲ, ಅವೇ ಗುರುತುಗಳು. ಅವನ್ನು ಬಾಯಿಪಾಠ ಮಾಡಿಕೊಳ್ಳಬೇಡಿ. ವಿಯೆನ್ನಾಕ್ಕೆ ಹೋದಾಗ ಅಲ್ಲಿನ ಮೆನುವಿನಲ್ಲಿ L ಅಂದರೆ ಸೆಲರಿ. ನಮ್ಮ ಬೀದಿಯ ಹೋಟೆಲಿನಲ್ಲಿ ಅದೇ L ಅಂದರೆ ಸಲ್ಫೈಟ್. ಜರ್ಮನಿಯಲ್ಲಿ ಹೋಟೆಲಿಗೊಂದು ಪಟ್ಟಿ, ಕೆಳಗಿನ ವಿವರ ತೆರೆದೇ ನೋಡಬೇಕು. ಅಂಕಿಗಳು ಸಾಮಾನ್ಯವಾಗಿ ಬಣ್ಣ, ಪ್ರಿಸರ್ವೇಟಿವ್ ಇತ್ಯಾದಿಗೆ, ಆದರೆ ಅದನ್ನೂ ವಿವರದಲ್ಲೇ ನೋಡಿಕೊಳ್ಳಿ. ಆ್ಯಪ್ ಭಾಷೆಯನ್ನು ಇಂಗ್ಲಿಷ್‌ಗೆ ಬದಲಾಯಿಸಿಯೂ ನೋಡಿದೆ. ಬಟನ್‌ಗಳು ಬದಲಾದವು, ಹೋಟೆಲಿನವರು ಬರೆದ ವಿವರ ಜರ್ಮನ್‌ನಲ್ಲೇ ಉಳಿಯಿತು.

ಉಸಿರು ಕಟ್ಟುವಷ್ಟು ತೀವ್ರ ಅಲರ್ಜಿ ಇರುವವರಿಗೆ ನನ್ನ ದಾರಿ ಸಾಲದು. ಒಂದೇ ಅಡುಗೆಮನೆ, ಒಂದೇ ಬಾಣಲೆ ಇದ್ದಾಗ ಯಾವ ಟಿಪ್ಪಣಿಯೂ ಖಾತ್ರಿಯಲ್ಲ. ಇನ್ನು ಬಾಣಸಿಗ ಬದಲಾದರೆ ಗ್ರೇವಿಯೂ ಬದಲಾಗುತ್ತದೆ. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ, ಗೊತ್ತಿರುವ ಹೋಟೆಲೇ ಆದರೂ, ಮತ್ತೆ ಫೋನ್ ಮಾಡಿ ಕೇಳುತ್ತೇನೆ.