ವೀರ್ಯ ಪರೀಕ್ಷೆ: ಸ್ಯಾಂಪಲ್ ಲ್ಯಾಬಿಗೆ ಬರುವ ಮೊದಲಿನ ಒಂದು ಗಂಟೆ

ಕಾಸರಗೋಡಿನ ಲ್ಯಾಬಲ್ಲಿ ನಾನು ವೀರ್ಯ ಪರೀಕ್ಷೆ ಮಾಡುತ್ತೇನೆ. ಮುಳ್ಳೇರಿಯ ಕಡೆಯ ಒಬ್ಬರು ಬೇರೆ ಕಡೆ ಮಾಡಿಸಿದ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರು. ವೀರ್ಯಾಣುಗಳ ಕೌಂಟ್ ಮಿಲಿಲೀಟರಿಗೆ 3.8 ಕೋಟಿ, ಅದು ಸರಿಯಾಗಿಯೇ ಇದೆ. ಚಲನೆ ಮಾತ್ರ ಶೇ. 12. ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದದ್ದು, ಎಷ್ಟು ಗಂಟೆಗೆ ನೋಡಿದ್ದು ಎಂದು ರಿಪೋರ್ಟಲ್ಲಿ ಇರಲಿಲ್ಲ.

"ಬಾಟಲಿ ಹೇಗೆ ತೆಗೆದುಕೊಂಡು ಹೋದಿರಿ?" ಎಂದು ಕೇಳಿದೆ.

"ಮನೆಯಲ್ಲೇ ತೆಗೆದದ್ದು ಸಾರ್. ಬಸ್ಸಲ್ಲಿ ಹೋದೆ, ಜೋರು ಮಳೆ. ಎರಡು ಗಂಟೆ ಆಗಿರಬಹುದು."

ನನಗೆ ಅನುಮಾನ ಬಂದದ್ದು ಅಲ್ಲೇ. ತಡವಾದರೆ ವೀರ್ಯಾಣುಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ, ಓಡಾಟ ಮಾತ್ರ ಕುಸಿಯುತ್ತದೆ. ಕೌಂಟ್ ಚೆನ್ನಾಗಿದ್ದು ಚಲನೆ ಮಾತ್ರ ಇಷ್ಟು ಬಿದ್ದಿದ್ದರೆ ಮೊದಲು ಸಮಯ ಕೇಳಬೇಕು. ಚಲನೆ ಶೇ. 40ಕ್ಕಿಂತ ಕಡಿಮೆ ಕಂಡಾಗ ಇಯೋಸಿನ್-ನೈಗ್ರೋಸಿನ್ ಬಣ್ಣ ಹಾಕಿಯೂ ನೋಡಬೇಕು. ಸತ್ತ ವೀರ್ಯಾಣುವಿನ ತಲೆಗೆ ಕೆಂಪು ಹತ್ತುತ್ತದೆ, ಜೀವ ಇರುವುದು ಬಿಳಿಯಾಗಿ ಉಳಿಯುತ್ತದೆ. ಆ ರಿಪೋರ್ಟಲ್ಲಿ ಅದೂ ಇರಲಿಲ್ಲ.

ಮತ್ತೆ ಮಾಡೋಣ ಎಂದೆ. 2ರಿಂದ 7 ದಿನ ಸಂಭೋಗ, ಹಸ್ತಮೈಥುನ ಎರಡೂ ಬೇಡ. ಸ್ಯಾಂಪಲ್ ಇಲ್ಲೇ, ಲ್ಯಾಬಿನ ಪಕ್ಕದ ಕೋಣೆಯಲ್ಲಿ, ಅಗಲ ಬಾಯಿಯ ಬಾಟಲಿಗೆ. ಮಾಮೂಲಿ ಕಾಂಡೋಮ್, ಎಣ್ಣೆ, ಸೋಪು, ಎಂಜಲು ಯಾವುದೂ ಬೇಡ, ಅವು ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಒಂದು ಮಾತನ್ನು ನಾನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ: ಮೊದಲು ಬರುವ ಭಾಗ ಹೊರಗೆ ಬಿದ್ದರೆ ಮುಚ್ಚಿಡಬೇಡಿ, ಹೇಳಿ. ವೀರ್ಯಾಣುಗಳು ಜಾಸ್ತಿ ಇರುವುದೇ ಆ ಭಾಗದಲ್ಲಿ. ಮನೆಯಲ್ಲೇ ತೆಗೆಯಬೇಕಾಗಿ ಬಂದರೆ ಬಾಟಲಿಯನ್ನು ಮೈಗೆ ತಾಗುವ ಹಾಗೆ ಅಂಗಿಯೊಳಗೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗುವ ಹಾಗೆ ತರಬೇಕು.

ಅವರ ಸ್ಯಾಂಪಲ್ ಅರ್ಧ ಗಂಟೆಯೊಳಗೆ ಗಟ್ಟಿತನ ಹೋಗಿ ನೀರಾಯಿತು. ಬಾಟಲಿ ತೂಕ ಮಾಡಿ ಖಾಲಿ ಬಾಟಲಿಯ ತೂಕ ಕಳೆದಾಗ 2.6 ಗ್ರಾಂ, ಅಂದರೆ ಸುಮಾರು 2.6 ಮಿಲಿ. ಚೆನ್ನಾಗಿ ಬೆರೆಸಿ 10 ಮೈಕ್ರೋಲೀಟರ್ ಸ್ಲೈಡಿಗೆ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಹರಿವು ನಿಂತ ಮೇಲೆ 400 ಪಟ್ಟಿನಲ್ಲಿ ನೋಡಿದೆ.

ಚಲನೆ ಎಣಿಸುವಾಗ ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ಓಡುವುದರ ಮೇಲೆಯೇ ಗಮನ ಹೋಗುತ್ತದೆ ಅಲ್ವಾ? ಕಾಯುತ್ತಾ ಕೂತರೆ ಹೊರಗಿನವು ಚೌಕದೊಳಗೆ ಈಜಿ ಬರುತ್ತಲೇ ಇರುತ್ತವೆ, ಶೇಕಡಾವಾರು ಸುಮ್ನೆ ಏರುತ್ತದೆ. ಹಾಗಾಗಿ ನಾನು ಐಪೀಸಿನ ಗೆರೆಗಳ ಒಂದು ಚಿಕ್ಕ ಜಾಗ ಹಿಡಿಯುತ್ತೇನೆ. ಆ ಕ್ಷಣ ಅದರೊಳಗೆ ಮುಂದಕ್ಕೆ ಸಾಗುತ್ತಿರುವುದನ್ನು ಮೊದಲು ಎಣಿಸಿ, ಆಮೇಲೆ ಇದ್ದಲ್ಲೇ ಬಾಲ ಆಡಿಸುವುದನ್ನು, ಕೊನೆಗೆ ಅಲುಗದ್ದನ್ನು ಎಣಿಸಿ ಮುಂದಿನ ಜಾಗಕ್ಕೆ ಹೋಗುತ್ತೇನೆ. ಕವರ್ ಸ್ಲಿಪ್ಪಿನ ಅಂಚಿನ ಹತ್ತಿರ ಎಣಿಸುವುದಿಲ್ಲ.

ಮೊದಲ ಸ್ಲೈಡಿನ 200ರಲ್ಲಿ ಮುಂದೆ ಸಾಗುವುದು 88, ಇದ್ದಲ್ಲೇ ಆಡುವುದು 20. ಬೇರೆಯಾಗಿ ಮಾಡಿದ ಎರಡನೇ ಸ್ಲೈಡಿನಲ್ಲಿ 96 ಮತ್ತು 18. ಒಟ್ಟು ಚಲನೆ ಶೇ. 54 ಮತ್ತು 57. ಈ ಮಟ್ಟದಲ್ಲಿ ಸುಮಾರು 10ರವರೆಗೆ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಹೊಸ ಸ್ಲೈಡ್ ಮಾಡಬೇಕು. ಹಾಗಾಗಿ ಎರಡರ ಸರಾಸರಿ ತೆಗೆದು ಮುಂದೆ ಸಾಗುವುದು ಶೇ. 46 ಎಂದು ಬರೆದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಇದರ ಕೆಳಗಿನ ಗಡಿ 30.

ಕೌಂಟಿಗೆ ಒಂದು ಪಾಲು ವೀರ್ಯಕ್ಕೆ 19 ಪಾಲು ಫಾರ್ಮಲಿನ್ ಇರುವ ದ್ರಾವಣ ಬೆರೆಸಿದೆ, ಆಗ ಎಲ್ಲವೂ ಅಲ್ಲಲ್ಲೇ ನಿಲ್ಲುತ್ತವೆ. ಎಣಿಸಲೆಂದೇ ಗೆರೆ ಕೊರೆದ ಗಾಜಿನ ನ್ಯೂಬಾಯರ್ ಚೇಂಬರಿನ ಎರಡೂ ಬದಿ ತುಂಬಿ, ತೇವದ ಡಬ್ಬಿಯಲ್ಲಿ 4 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟೆ. ಐದು ಸಾಲಿನಲ್ಲಿ ಒಂದು ಬದಿ 212, ಇನ್ನೊಂದು ಬದಿ 196, ಒಟ್ಟು 408. ಒಂದು ಸಾಲು 20 ನ್ಯಾನೋಲೀಟರ್, ಬೆರೆಸಿದ್ದೂ 20 ಪಟ್ಟು. ಹಾಗಾಗಿ 408ನ್ನು 10 ಸಾಲಿಗೆ ಭಾಗಿಸಿದರೆ ಸಾಕು: ನ್ಯಾನೋಲೀಟರಿಗೆ 40.8, ಅಂದರೆ ಮಿಲಿಲೀಟರಿಗೆ 4.08 ಕೋಟಿ. ಗಡಿ 1.6 ಕೋಟಿ. ಹಳೆಯ ರಿಪೋರ್ಟಿನ 3.8 ಕೋಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಅಲ್ಲಿ ಎಣಿಕೆ ತಪ್ಪಿರಲಿಲ್ಲ, ಸ್ಯಾಂಪಲ್ ಹಳತಾಗಿತ್ತು.

ಆಕಾರದ ಅಂಕಿ ನೋಡಿ ಅವರು ಗಾಬರಿಯಾದರು. "ನೂರರಲ್ಲಿ ಆರೇ ಸರಿ ಇರುವುದಾ ಮಾರಾಯ್ರೆ?" ಗಡಿಯೇ 4 ಎಂದು ಹೇಳಿದೆ. ಬಣ್ಣ ಹಾಕಿದ ಸ್ಲೈಡನ್ನು 1000 ಪಟ್ಟಿನಲ್ಲಿ ನೋಡುವಾಗ ನಮ್ಮ ಅಳತೆ ಬಹಳ ಕಟ್ಟುನಿಟ್ಟು. ತಲೆ ನಯವಾದ ಮೊಟ್ಟೆಯಾಕಾರ ಇರಬೇಕು, ಮುಂದಿನ ಟೊಪ್ಪಿ ತಲೆಯ ಶೇ. 40ರಿಂದ 70 ಭಾಗ ಮುಚ್ಚಿರಬೇಕು, ಕುತ್ತಿಗೆ, ಬಾಲ ಎಲ್ಲೂ ಮುರಿದಿರಬಾರದು. ಸ್ವಲ್ಪ ಅನುಮಾನ ಬಂದರೂ ಅದನ್ನು ಸರಿ ಇಲ್ಲದ ಕಡೆಗೇ ಹಾಕುತ್ತೇವೆ.

ಈ ಗಡಿಗಳು ಮಕ್ಕಳಾಗುತ್ತದೆ, ಆಗುವುದಿಲ್ಲ ಎಂದು ಹೇಳುವ ಗೆರೆಯಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲೂ ನೂರಕ್ಕೆ ಐದು ಮಂದಿ ಇದಕ್ಕಿಂತ ಕೆಳಗಿದ್ದರು. ನಾನು ರಿಪೋರ್ಟಿನ ಮೇಲೆ ತೆಗೆದ ಗಂಟೆ, ನೋಡಿದ ಗಂಟೆ, ಎಷ್ಟು ದಿನ ಬಿಟ್ಟದ್ದು, ಪೂರ್ತಿ ಸಿಕ್ಕಿದೆಯಾ ಎಂದೆಲ್ಲ ಬರೆದು, ಹಳೆಯದನ್ನೂ ಪಿನ್ ಮಾಡಿ ಅವರ ಡಾಕ್ಟರಿಗೆ ಕೊಡಲು ಹೇಳಿದೆ.